ಘಟಿಕೆಯನ್ನು ಗಂಟೆಗೆ ತಿರುಗಿಸುವ ಬಗೆ

ಹಳೆಯ ಜನನಪತ್ರಿಕೆಯನ್ನು ಮುಂದಿರಿಸಿಕೊಂಡು ಹುಟ್ಟಿದ ವೇಳೆಯನ್ನು ಗಂಟೆ-ನಿಮಿಷಗಳಲ್ಲಿ ತಿಳಿಯಲೆಳಸುವವರು ಅನೇಕರು. ಎರಡೂವರೆ ಘಟಿಕೆಗೆ ಒಂದು ಗಂಟೆ ಎಂಬ ಸೂತ್ರ ಎಲ್ಲರಿಗೂ ಬಾಯಿಪಾಠವಾಗಿರುತ್ತದೆ. ಆದರೂ ಬಂದ ಉತ್ತರ ಬಹುಮಟ್ಟಿಗೆ ತಪ್ಪಾಗಿರುತ್ತದೆ. ದೋಷವು ಗುಣಾಕಾರದಲ್ಲಿಲ್ಲ, ಎಣಿಕೆಯನ್ನು ಎಲ್ಲಿಂದ ಆರಂಭಿಸಬೇಕೆಂಬುದರಲ್ಲಿದೆ ಎಂಬುದೇ ನನ್ನ ಅಭಿಪ್ರಾಯ.

ಅಹೋರಾತ್ರಕ್ಕೆ 60 ಘಟಿಕೆ, ಘಟಿಕೆಗೆ 60 ಪಲ. ಆದ್ದರಿಂದ ಒಂದು ಘಟಿಕೆಗೆ 24 ನಿಮಿಷ, ಒಂದು ಪಲಕ್ಕೆ 24 ಸೆಕೆಂಡು. ನಮ್ಮ ಹಳ್ಳಿಗರು ಗಳಿಗೆ ಎನ್ನುವುದೂ ಈ ಘಟಿಕೆಯನ್ನೇ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಧಾರವಾಡದಲ್ಲಿ ಮಾರ್ಚ್ ತಿಂಗಳ ಮೊದಲ ಭಾಗದಲ್ಲಿ ಹುಟ್ಟಿದ ಶಿಶುವಿನ ಪತ್ರಿಕೆಯಲ್ಲಿ ಉದಯಾದಿ ಗತ ಘಟಿ 37, ಪಲ 45 ಎಂದು ಬರೆದಿದೆಯೆನ್ನಿ. 37 ಘಟಿಕೆಗೆ 888 ನಿಮಿಷ. 45 ಪಲಕ್ಕೆ 1080 ಸೆಕೆಂಡು, ಅಂದರೆ 18 ನಿಮಿಷ. ಒಟ್ಟು 906 ನಿಮಿಷ, ಅರ್ಥಾತ್ 15 ಗಂಟೆ 6 ನಿಮಿಷ. ಇದನ್ನು 37.45 ಎಂದು ದಶಾಂಶವಾಗಿ ಓದಿ 24ರಿಂದ ಗುಣಿಸುವವರಿಗೆ ಏಳು ನಿಮಿಷ ಕಡಿಮೆ ಬರುತ್ತದೆ. ಅರುವತ್ತರ ಎಣಿಕೆಯನ್ನು ನೂರರ ಎಣಿಕೆಯಾಗಿ ಓದಿದ ಫಲವದು.

ಈಗ ಬಂದ 15 ಗಂಟೆ 6 ನಿಮಿಷವನ್ನು ಯಾವುದಕ್ಕೆ ಕೂಡಿಸಬೇಕು? ಹಲವರು ಬೆಳಗಿನ 6 ಗಂಟೆಗೆ ಕೂಡಿಸಿ ರಾತ್ರಿ 9-06 ಎನ್ನುತ್ತಾರೆ. 'ಉದಯಾದಿ' ಎಂಬ ಪದವನ್ನು ಇವರು ಲಕ್ಷಿಸುವುದಿಲ್ಲ. ಎಣಿಕೆ ಮೊದಲಾಗುವುದು ಆ ಊರಿನ ಆ ದಿನದ ಸೂರ್ಯೋದಯದಿಂದ. ಭಾರತೀಯ ಸಾಮಾನ್ಯ ಕಾಲವು ಎಂಬತ್ತೆರಡೂವರೆ ಅಂಶದ ರೇಖಾಂಶವನ್ನು ಅನುಸರಿಸುತ್ತದೆ. ಧಾರವಾಡವಿರುವುದು ಸುಮಾರು 75ನೆಯ ಅಂಶದಲ್ಲಿ. ಅಂಶಕ್ಕೆ 4 ನಿಮಿಷದಂತೆ ಅಲ್ಲಿ ಸೂರ್ಯನು ಅರ್ಧ ಗಂಟೆ ತಡವಾಗಿ ಕಾಣುತ್ತಾನೆ. ಋತುಭೇದದ ವ್ಯತ್ಯಾಸ ಬೇರೆ. ಮೇಲೆ ಹೇಳಿದ ಕಾಲದಲ್ಲಿ ಅಲ್ಲಿನ ಉದಯ ಸುಮಾರು 6-42ಕ್ಕೆ. ಹಾಗಾಗಿ ಜನನ ವೇಳೆ ರಾತ್ರಿ 9-48. ಒಂದು ಲಗ್ನಕ್ಕೆ ಸರಾಸರಿ ಐದು ಘಟಿಕೆ, ಎಂದರೆ ಎರಡು ಗಂಟೆ ಇರುವಾಗ, 42 ನಿಮಿಷದ ಅಂತರದಿಂದ ಲಗ್ನವೇ ಬೇರೆಯಾದೀತು.

ತಾರೀಖಿನ ತೊಡಕೂ ಉಂಟು. ಅದೇ ದಿನ 52 ಘಟಿ 30 ಪಲವೆಂದಿದ್ದರೆ 21 ಗಂಟೆ ಕಳೆದಂತಾಗಿ, ವೇಳೆ ನಸುಕಿನ 3-42 ಆಗುತ್ತದೆ. ಇಂಗ್ಲಿಷ್ ತಾರೀಖು ನಡುರಾತ್ರಿಗೇ ಬದಲಾಗಿರುತ್ತದೆ. ಪಂಚಾಂಗದ ವಾರವಾದರೋ ಮುಂದಿನ ಸೂರ್ಯೋದಯದವರೆಗೆ ಹಿಂದಿನದೇ. ಪತ್ರಿಕೆಯಲ್ಲಿ ಸೋಮವಾರವೆಂದೂ ದಾಖಲೆಯಲ್ಲಿ ಮಂಗಳವಾರವೆಂದೂ ಇರುವುದನ್ನು ಕಂಡು ಬರೆದವನನ್ನು ಹಳಿಯುವವರು ಮೊದಲು ಘಟಿಕೆಯ ಸಂಖ್ಯೆಯನ್ನು ನೋಡಲಿ. ಅದು 45ಕ್ಕೆ ಹತ್ತಿರವೋ ಮೇಲೋ ಇದ್ದರೆ ಎರಡೂ ಸರಿಯಿರಬಹುದು.

ನಮ್ಮ ಗಣಿತದ ಉಪಾಧ್ಯಾಯರು ಈ ಕೋಷ್ಟಕವನ್ನು ಕಲಿಸುವಾಗ ಊರು, ದಿನ, ಉದಯಕಾಲ ಈ ಮೂರನ್ನೂ ಕೊಟ್ಟೇ ಲೆಕ್ಕ ಹಾಕಿಸಬೇಕು. ಹಳೆಯ ಪತ್ರಿಕೆಯನ್ನು ಗಂಟೆಗೆ ತಿರುಗಿಸಿ ಬರೆದಿಡುವವರು ಮೂಲದ ಘಟಿ-ಪಲಗಳನ್ನೂ ತಾವು ಹಿಡಿದ ಸೂರ್ಯೋದಯವನ್ನೂ ಪಕ್ಕದಲ್ಲಿ ನಮೂದಿಸಲಿ. ಆಗ ಮುಂದೆ ಪರಿಶೀಲಿಸುವವನಿಗೆ ಲೆಕ್ಕವನ್ನು ಮರಳಿ ಮಾಡಲು ಆಧಾರ ದೊರೆಯುತ್ತದೆ.