‘ಬರೇ ಥಿಯರಿ’ ಅಂತ ಬಿಸಾಕಿದ 120 ಗ್ರಾಂ ಬೀಜ

‘ಸರ, ಅದೆಲ್ಲಾ ಬರೇ ಥಿಯರಿ ಬಿಡ್ರಿ. ಹೊಲದಾಗ ಬ್ಯಾರೇನ ಇರತೈತಿ.’

ಬೈಲಹೊಂಗಲದ ಒಂದು ಚಹಾದಂಗಡಿಯಲ್ಲಿ ಸವದತ್ತಿ ಕಡೆಯ ರೈತರೊಬ್ಬರು ನನಗೆ ಹೀಗೆ ಹೇಳಿದರು. ಮಾತು ನಡೆದಿದ್ದು ಹತ್ತಿಯ ಗುಲಾಬಿ ಕಾಯಿಕೊರಕದ ಬಗ್ಗೆ. ಬಿಟಿ ಹತ್ತಿ ಬೀಜದ ಪ್ಯಾಕೆಟ್ಟಿನ ಜೊತೆಗೆ ಬಿಟಿ ಅಲ್ಲದ ಬೀಜದ ಸಣ್ಣ ಚೀಟಿಯೊಂದು ಬರುತ್ತಿತ್ತಲ್ಲ, ಅದನ್ನು ಹೊಲದ ಸುತ್ತ ಬಿತ್ತಬೇಕಿತ್ತು, ಯಾರೂ ಬಿತ್ತಲಿಲ್ಲ ಅಂತ ನಾನು ಅಂದಿದ್ದೆ. ಅದಕ್ಕೆ ಅವರ ಉತ್ತರ ಇದು.

ಅವರನ್ನು ದೂರುವ ಹಾಗಿಲ್ಲ. ಆ ತಪ್ಪು ಕಲಿಸಿದವರು ನಮ್ಮಂಥ ವರದಿಗಾರರೇ. ಕೆಲವು ವರ್ಷಗಳ ಹಿಂದೆ ನಾನೇ ಬರೆದ ಒಂದು ಸುದ್ದಿಯಲ್ಲಿ, ಈ ಸಣ್ಣ ಚೀಟಿ ಯಾಕೆ ಬೇಕು ಅನ್ನುವ ವಿವರಣೆಗೆ ‘ಇದು ವಿಜ್ಞಾನಿಗಳ ಊಹೆ’ ಅಂತ ಬರೆದಿದ್ದೆ. ಅದು ಊಹೆ ಆಗಿರಲಿಲ್ಲ. ಇವತ್ತು ಆ ಸಾಲು ತಿದ್ದಲಿಕ್ಕೆ ಈ ಬರಹ.

ನಮ್ಮ ಮಾತಿನಲ್ಲಿ ‘ಥಿಯರಿ’ ಅಂದರೆ ಪ್ರಾಕ್ಟಿಕಲ್ ಅಲ್ಲದ್ದು, ಪುಸ್ತಕದಲ್ಲಷ್ಟೇ ಇರುವುದು. ಕನ್ನಡದಲ್ಲಿ ಇನ್ನೊಂದು ತೊಡಕೂ ಇದೆ. ನಾವು ವಿಕಾಸವಾದ, ಸಾಪೇಕ್ಷತಾವಾದ ಅಂತ ಬರೆಯುತ್ತೇವೆ. ‘ವಾದ’ ಅಂದ ಕೂಡಲೇ ಕೋರ್ಟು ನೆನಪಾಗುತ್ತದೆ. ಅವರದೊಂದು ವಾದ, ಇವರದೊಂದು ವಾದ, ಯಾರು ಗೆಲ್ಲುತ್ತಾರೋ ಗೊತ್ತಿಲ್ಲ. 2018ರ ಜನವರಿಯಲ್ಲಿ ಆಗಿನ ಕೇಂದ್ರ ರಾಜ್ಯ ಸಚಿವ ಸತ್ಯಪಾಲ್ ಸಿಂಗ್ ಅವರು ಮಂಗ ಮನುಷ್ಯನಾಗಿದ್ದನ್ನು ಯಾರೂ ಕಂಡಿಲ್ಲ, ಆದ್ದರಿಂದ ಡಾರ್ವಿನ್ ಹೇಳಿದ್ದು ತಪ್ಪು ಎಂಬ ಅರ್ಥದ ಮಾತಾಡಿದಾಗ ಬಹಳ ಜನಕ್ಕೆ ಅದು ಸರಿ ಅನಿಸಿತು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಅದನ್ನು ವಿರೋಧಿಸಿದ್ದು ನಮ್ಮ ಹಳ್ಳಿಗಳವರೆಗೆ ಅಷ್ಟಾಗಿ ಬರಲಿಲ್ಲ.

ಮಂಗನ ಮಾತು ಬದಿಗಿರಲಿ. ಅದೇ ವಿಕಾಸ ನಮ್ಮ ಎರಿ ಹೊಲದಲ್ಲೇ, ನಮ್ಮ ಕಣ್ಣೆದುರೇ ನಡೆದಿದೆ. ಹತ್ತಿಕಾಯಿ ಒಡೆದು ನೋಡಿದವರೆಲ್ಲ ಅದನ್ನು ಕಂಡಿದ್ದಾರೆ.

ಮೊದಲು ಹೊಲದಿಂದಲೇ ಶುರು ಮಾಡೋಣ. ಒಬ್ಬರ ಬಿಟಿ ಹತ್ತಿಯಲ್ಲಿ ಹುಳ ಬಿದ್ದಿದೆ ಅಂತಿಟ್ಟುಕೊಳ್ಳಿ. ಕಟ್ಟೆಯ ಮೇಲೆ ಮೂರು ಮಾತು ಬರುತ್ತವೆ. ಒಬ್ಬರು ‘ಬೀಜ ನಕಲಿ’ ಅನ್ನುತ್ತಾರೆ. ಇನ್ನೊಬ್ಬರು ‘ಎಣ್ಣಿ ತಡಾ ಹೊಡದಿ’ ಅನ್ನುತ್ತಾರೆ. ಮೂರನೆಯವರು ‘ಹುಳಕ್ಕ ಬಿಟಿ ವಿಷ ರೂಢಿ ಆಗೇತಿ’ ಅನ್ನುತ್ತಾರೆ. ಈ ಮೂರೂ ಊಹೆಗಳೇ. ಆದರೆ ಬಾಯಿಗೆ ಬಂದ ಊಹೆಗಳಲ್ಲ, ಪರೀಕ್ಷೆ ಮಾಡಿ ಸರಿಯೋ ತಪ್ಪೋ ಅಂತ ನೋಡಬಹುದಾದ ಊಹೆಗಳು. ವಿಜ್ಞಾನದಲ್ಲಿ ‘ಹೈಪಾಥೆಸಿಸ್’ ಅನ್ನುವುದು ಇದನ್ನೇ. ಶಾಲೆಯ ಪುಸ್ತಕದಲ್ಲಿ ಇದಕ್ಕೆ ‘ಪ್ರಾಕ್ಕಲ್ಪನೆ’ ಅನ್ನುತ್ತಾರೆ.

ಪರೀಕ್ಷೆ ಹೇಗೆ? ನಕಲಿ ಬೀಜದ ಮಾತನ್ನು ಹೊಲದಲ್ಲೇ ನೋಡಬಹುದು. ಎಲೆಯ ಚೂರನ್ನು ದ್ರಾವಣದಲ್ಲಿ ಅರೆದು ಒಂದು ಪಟ್ಟಿ ಅದ್ದಿದರೆ, ಬಿಟಿ ಪ್ರೋಟೀನ್ ಇದ್ದಾಗ ಗೆರೆ ಮೂಡುತ್ತದೆ. ಬಸಿರು ಪರೀಕ್ಷೆಯ ಪಟ್ಟಿ ಇದ್ದ ಹಾಗೆಯೇ. ಗೆರೆ ಮೂಡಿತು, ಆದರೂ ಅದೇ ಗಿಡದ ಕಾಯಿಯೊಳಗೆ ಹುಳ ಆರಾಮಾಗಿ ಬೆಳೆದಿದೆ ಅಂದರೆ ನಕಲಿ ಬೀಜದ ಊಹೆ ಬಿದ್ದುಹೋಯಿತು. ಎಣ್ಣೆ ತಡವಾದ ಮಾತೂ ಪೂರ್ತಿ ಉತ್ತರ ಆಗುವುದಿಲ್ಲ. ಆ ವಿಷ ಗಿಡದೊಳಗೇ ಇದೆ, ಅದನ್ನು ತಿಂದೂ ಹುಳ ಯಾಕೆ ಸಾಯಲಿಲ್ಲ ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ. ಮೂರನೆಯದಕ್ಕೆ ಪ್ರಯೋಗಾಲಯ ಬೇಕು. ಹೊಲದ ಹುಳ ತಂದು, ಮರಿ ಮಾಡಿಸಿ, ಅಳತೆ ಮಾಡಿ ವಿಷ ಬೆರೆಸಿದ ಆಹಾರ ಹಾಕುತ್ತಾರೆ. ಪಕ್ಕದಲ್ಲಿ ಎಂದೂ ಬಿಟಿ ಕಾಣದ ಹುಳಗಳಿಗೂ ಅಷ್ಟೇ ವಿಷ ಹಾಕುತ್ತಾರೆ. ಅವು ಸತ್ತು ಇವು ಬದುಕಿದರೆ ಮೂರನೆಯ ಊಹೆ ಪರೀಕ್ಷೆ ಪಾಸಾಯಿತು.

ಭಾರತದಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ. ಅದರಲ್ಲಿ ಒಂದೇ ಬಿಟಿ ಪ್ರೋಟೀನ್ ಇತ್ತು. 2010ರಲ್ಲಿ ಮೊನ್ಸಾಂಟೊ ಕಂಪನಿಯೇ ಗುಜರಾತಿನ ನಾಲ್ಕು ಜಿಲ್ಲೆಗಳ ಗುಲಾಬಿ ಕಾಯಿಕೊರಕ ಈ ವಿಷಕ್ಕೆ ಸಾಯುತ್ತಿಲ್ಲ ಅಂತ ಒಪ್ಪಿಕೊಂಡಿತು. ಎರಡು ಪ್ರೋಟೀನ್ ಇರುವ ಬೋಲ್‌ಗಾರ್ಡ್-2 ಬಂದಿದ್ದು 2006ರಲ್ಲಿ. ಹತ್ತು ವರ್ಷ ಆಗುವಷ್ಟರಲ್ಲಿ ಅದನ್ನೂ ಜಯಿಸಿದ ಹುಳ ಸಿಕ್ಕಿತು. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಬೇರೆ ಬೇರೆ ರಾಜ್ಯಗಳ ಹುಳ ತಂದು ಇದನ್ನು ಪರೀಕ್ಷಿಸಿತು.

ಇಲ್ಲಿವರೆಗೆ ಸಿಕ್ಕಿದ್ದು ಒಂದು ಹುಳದ, ಒಂದು ವಿಷದ ಉತ್ತರ. ಈಗ ದೊಡ್ಡ ಪ್ರಶ್ನೆ: ಹೀಗೆ ಯಾಕಾಯಿತು? ಥಿಯರಿ, ಅಂದರೆ ಸಿದ್ಧಾಂತದ ಕೆಲಸ ಇಲ್ಲಿಂದ ಶುರು.

‘ಹುಳಕ್ಕ ರೂಢಿ ಆಗೇತಿ’ ಅನ್ನುವ ಮಾತು ಪೂರ್ತಿ ಸರಿಯಲ್ಲ. ತಂಬಾಕು ತಿಂದು ತಿಂದು ಮನುಷ್ಯನಿಗೆ ರೂಢಿಯಾಗುವ ಹಾಗೆ ಒಂದು ಹುಳಕ್ಕೆ ವಿಷ ರೂಢಿಯಾಗುವುದಿಲ್ಲ. ಡಾರ್ವಿನ್ನನ ಸಿದ್ಧಾಂತ ಹೇಳುವುದೇ ಬೇರೆ. ಲಕ್ಷಾಂತರ ಹುಳಗಳಲ್ಲಿ ಎಲ್ಲವೂ ಒಂದೇ ಥರ ಇರುವುದಿಲ್ಲ. ಯಾವುದೋ ನಾಲ್ಕಕ್ಕೆ ಹುಟ್ಟಿನಿಂದಲೇ ವಿಷ ತಡೆಯುವ ಗುಣ ಇರುತ್ತದೆ. ಉಳಿದವು ಸಾಯುತ್ತವೆ, ಆ ನಾಲ್ಕು ಬದುಕುತ್ತವೆ, ಮರಿ ಹಾಕುತ್ತವೆ, ಗುಣ ಮರಿಗೆ ಹೋಗುತ್ತದೆ. ಕೆಲವು ಪೀಳಿಗೆಯಲ್ಲಿ ಹೊಲದ ತುಂಬ ಅವೇ ಆಗುತ್ತವೆ.

ಆ ಸಣ್ಣ ಚೀಟಿ ಹುಟ್ಟಿದ್ದೇ ಈ ಸಿದ್ಧಾಂತದಿಂದ. 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ಬಿಟಿ ಅಲ್ಲದ ಬೀಜ ಕೊಡುತ್ತಿದ್ದರು. ಲೆಕ್ಕಕ್ಕೆ ಹೀಗೆ ಹಿಡಿಯಿರಿ. ಬಿಟಿ ಹೊಲದಲ್ಲಿ ವಿಷ ತಡೆಯುವ ಹತ್ತು ಹುಳ ಬದುಕಿ ಪತಂಗ ಆದವು. ಸುತ್ತ ಬರೇ ಬಿಟಿ ಇದ್ದರೆ ಆ ಹತ್ತೂ ತಮ್ಮ ತಮ್ಮಲ್ಲೇ ಕೂಡುತ್ತವೆ, ಹುಟ್ಟುವ ಮರಿಗಳೆಲ್ಲ ಗಟ್ಟಿ. ಬದುವಿನ ಸಾಲುಗಳಲ್ಲಿ ಸಾದಾ ಹತ್ತಿ ಇದ್ದರೆ ಅಲ್ಲಿ ಬೆಳೆದ ಸಾವಿರ ಸಾದಾ ಪತಂಗಗಳು ಹಾರಿ ಬಂದು ಈ ಹತ್ತರ ಜೊತೆ ಕೂಡುತ್ತವೆ. ಆಗ ಮರಿಗೆ ಆ ಗುಣ ಒಂದೇ ಕಡೆಯಿಂದ, ಅರ್ಧ ಸಿಗುತ್ತದೆ. ಅಂಥ ಮರಿಗೆ ಬಿಟಿ ಗಿಡ ತಡೆದುಕೊಳ್ಳುವುದು ಕಷ್ಟ. ಅಂದರೆ ಬದುವಿನಲ್ಲಿ ಸ್ವಲ್ಪ ಹುಳ ಸಾಕಿ ಹೊಲವನ್ನು ಉಳಿಸಿಕೊಳ್ಳುವ ಉಪಾಯ ಅದು. ನಮಗೆ ಅದು ಹುಚ್ಚು ಅನಿಸಿತು, ಚೀಟಿ ಬಿಸಾಕಿದೆವು.

ಬರೇ ಊಹೆ ಹೀಗೆ ಮುಂದಿನದನ್ನು ಹೇಳಲಾರದು. ಸಿದ್ಧಾಂತ ಹೇಳುತ್ತದೆ, ಹೇಳಿದ್ದು ಆಗುತ್ತದೋ ಇಲ್ಲವೋ ನೋಡಬಹುದು. ಅಮೆರಿಕದ ಅರಿಜೋನಾದಲ್ಲಿ 1996ರಿಂದಲೇ ಬಿಟಿ ಅಲ್ಲದ ಹತ್ತಿಯನ್ನು ಜೊತೆಗೆ ಬಿತ್ತಬೇಕು ಅನ್ನುವ ನಿಯಮ ಇತ್ತು, ರೈತರು ಬಿತ್ತಿದರು. ಅಲ್ಲಿ ಅದೇ ಗುಲಾಬಿ ಹುಳ ಬಿಟಿಯನ್ನು ಜಯಿಸಲಿಲ್ಲ. ಮುಂದೆ ಬಂಜೆ ಪತಂಗಗಳನ್ನು ಬಿಡುವ ಕೆಲಸವೂ ಸೇರಿ, 2018ರಲ್ಲಿ ಅಮೆರಿಕದ ಹತ್ತಿ ಹೊಲಗಳಿಂದ ಆ ಹುಳ ನಿರ್ಮೂಲ ಆಯಿತು ಅಂತ ಅಲ್ಲಿನ ಸರ್ಕಾರ ಘೋಷಿಸಿತು.

ಇನ್ನೊಂದು ಸಾಕ್ಷಿ ನಮ್ಮಲ್ಲೇ ಇದೆ. ಬಿಟಿ ಹತ್ತಿ ಬಂದಿದ್ದು ಮುಖ್ಯವಾಗಿ ಹಸಿರು ಕಾಯಿಕೊರಕಕ್ಕೆ. ಅದು ಇವತ್ತಿಗೂ ಗುಲಾಬಿ ಹುಳದಷ್ಟು ಬಿಟಿಯನ್ನು ಜಯಿಸಿಲ್ಲ. ಯಾಕೆ? ಹಸಿರು ಹುಳ ಕಡಲೆ ತಿನ್ನುತ್ತದೆ, ತೊಗರಿ ತಿನ್ನುತ್ತದೆ. ಸವದತ್ತಿ, ರಾಮದುರ್ಗದ ಹೊಲಗಳಲ್ಲಿ ಅದಕ್ಕೆ ವಿಷವಿಲ್ಲದ ಊಟ ಎಲ್ಲೆಲ್ಲೂ ಇದೆ, ಅಲ್ಲಿ ಸಾದಾ ಪತಂಗಗಳು ಬೆಳೆಯುತ್ತಲೇ ಇವೆ. ಗುಲಾಬಿ ಹುಳ ಮಾತ್ರ ಹೆಚ್ಚುಕಡಿಮೆ ಹತ್ತಿಯನ್ನೇ ನಂಬಿದೆ. ಎಲ್ಲ ಹತ್ತಿಯೂ ಬಿಟಿ ಆದ ಮೇಲೆ ಅದರ ಸಾದಾ ಸಂತತಿಗೆ ಜಾಗವೇ ಉಳಿಯಲಿಲ್ಲ. ಎರಡು ಹುಳ, ಎರಡು ಬೇರೆ ಫಲ, ಎರಡಕ್ಕೂ ಒಂದೇ ವಿವರಣೆ. ಗಿಡಕ್ಕೆ ಹೊಡೆಯುವ ಎಣ್ಣೆ ಕೆಲಸ ನಿಲ್ಲಿಸುವುದಕ್ಕೂ, ಔಷಧಕ್ಕೆ ಕ್ಷಯದ ರೋಗಾಣು ಜಗ್ಗದೆ ಹೋಗುವುದಕ್ಕೂ ಅದೇ ವಿವರಣೆ ಹೊಂದುತ್ತದೆ. ಇಷ್ಟೊಂದು ಬೇರೆ ಬೇರೆ ಕಡೆ ಪರೀಕ್ಷೆಗೆ ನಿಂತು ಗೆದ್ದ ವಿವರಣೆಗೆ ಸಿದ್ಧಾಂತ ಅನ್ನುವುದು.

ಹಾಗಂತ ಸಿದ್ಧಾಂತದಲ್ಲಿ ತಿದ್ದುಪಡಿ ಇಲ್ಲವೇ? ಇದೆ. ಗುಣ ಮರಿಗೆ ಹೇಗೆ ಹೋಗುತ್ತದೆ ಅನ್ನುವುದು ಡಾರ್ವಿನ್ನನಿಗೇ ಗೊತ್ತಿರಲಿಲ್ಲ, ಅದು ಆಮೇಲೆ ಸೇರಿತು. ಅರ್ಧ ಗುಣದ ಮರಿ ಬಿಟಿ ಹೊಲದಲ್ಲಿ ಸಾಯುತ್ತದೆ ಅನ್ನುವ ಊಹೆಯೂ ನಮ್ಮಲ್ಲಿ ಅಷ್ಟು ಸಲೀಸಲ್ಲ. ನಾವು ಬಿತ್ತುವುದು ಹೈಬ್ರಿಡ್. ಅದರ ಕಾಯಿಯೊಳಗಿನ ಕಾಳುಗಳಲ್ಲಿ ಕೆಲವಕ್ಕೆ ಬಿಟಿ ಪ್ರೋಟೀನ್ ಇರುವುದಿಲ್ಲ. ಗಿಡ ಹಳೆಯದಾದಷ್ಟೂ ವಿಷದ ಪ್ರಮಾಣವೂ ಇಳಿಯುತ್ತದೆ. ನೀರಿದೆ ಅಂತ ಫೆಬ್ರುವರಿ ದಾಟಿಯೂ ಹತ್ತಿ ಇಟ್ಟುಕೊಂಡರೆ ಅರ್ಧ ಗುಣದ ಹುಳಕ್ಕೂ ಬದುಕಲು ದಾರಿ ಸಿಗುತ್ತದೆ. ಒಳಗಿನ ಒಂದು ಊಹೆ ಅಲುಗಾಡಿತು, ಸಿದ್ಧಾಂತ ಬೀಳಲಿಲ್ಲ. ಯಾಕೆ ಅಲುಗಾಡಿತು ಅಂತ ಹೇಳಿದ್ದೂ ಅದೇ ಸಿದ್ಧಾಂತ.

ಇದರಿಂದ ನಮ್ಮ ವರದಿಗಾರ ಗೆಳೆಯರಿಗೆ ನನ್ನದೊಂದು ಮಾತು. ಹೈಪಾಥೆಸಿಸ್‌ಗೆ ‘ಪರೀಕ್ಷೆ ಆಗಬೇಕಾದ ಊಹೆ’ ಅಂತ ಬರೆಯೋಣ, ಉದ್ದ ಆದರೂ ಚಿಂತಿಲ್ಲ. ಥಿಯರಿಗೆ ‘ಸಿದ್ಧಾಂತ’ ಅನ್ನೋಣ. ‘ವಾದ’ ಬಿಡೋಣ. ಪಕ್ಷದ ಸಿದ್ಧಾಂತ ಅಂತಲೂ ಬರೆಯುತ್ತೇವಲ್ಲ, ಆ ಗೊಂದಲ ಬಾರದ ಹಾಗೆ ‘ಪರೀಕ್ಷೆಯಲ್ಲಿ ನಿಂತ ವಿವರಣೆ’ ಅಂತ ಒಂದು ಸಾಲು ಜೊತೆಗೆ ಸೇರಿಸೋಣ.

ಓದುವ ನಿಮಗೂ ಒಂದು ಮಾತು. ಮೊಬೈಲಿನಲ್ಲಿ ‘ವಿಜ್ಞಾನಿಗಳ ಹೊಸ ಥಿಯರಿ’ ಅಂತ ಸುದ್ದಿ ಬಂದರೆ, ನಿನ್ನೆ ಹೊಳೆದು ಇವತ್ತು ಸುದ್ದಿಯಾಗಿದ್ದು ಸಾಮಾನ್ಯವಾಗಿ ಥಿಯರಿ ಆಗಿರುವುದಿಲ್ಲ, ಊಹೆ ಆಗಿರುತ್ತದೆ. ಪರೀಕ್ಷೆ ಆಗಿದೆಯೇ, ಯಾವ ಫಲ ಬಂದರೆ ಅದು ತಪ್ಪು ಅಂತ ಒಪ್ಪುತ್ತಾರೆ ಅನ್ನುವುದನ್ನು ಸುದ್ದಿಯಲ್ಲಿ ಹುಡುಕಿ.

ಆ ರೈತರಿಗೆ ನಾನು ಇಷ್ಟನ್ನೂ ಹೇಳಿದೆ. ಅವರು ಚಹಾ ಮುಗಿಸಿ, ‘ಹಂಗಾರ ಈಗೇನ್ ಮಾಡೋದ್ರಿ?’ ಅಂತ ಕೇಳಿದರು. ಈಗ ಬಿಟಿ ಅಲ್ಲದ ಬೀಜವನ್ನು ಪ್ಯಾಕೆಟ್ಟಿನೊಳಗೇ ಬೆರೆಸಿ ಕೊಡುವ ಪದ್ಧತಿ ಬಂದಿದೆ, ಬಿಸಾಕುವ ಪ್ರಶ್ನೆ ಇಲ್ಲ. ಹೂವು ಬಿಟ್ಟಾಗಿನಿಂದ ಮೋಹಕ ಬಲೆ ಕಟ್ಟಿ, ಒಂದು ಬಲೆಗೆ ರಾತ್ರಿಗೆ ಎಂಟು ಪತಂಗದಂತೆ ಮೂರು ರಾತ್ರಿ ಬಿದ್ದರೆ ಎಚ್ಚರ. ಎಕರೆಗೆ ಇಪ್ಪತ್ತು ಹಸಿ ಕಾಯಿ ಒಡೆದು ನೋಡಿ, ಎರಡರಲ್ಲಿ ಜೀವಂತ ಹುಳ ಸಿಕ್ಕರೆ ಔಷಧದ ಹೊತ್ತು. ಬೆಳೆಯನ್ನು ಡಿಸೆಂಬರ್ ಮುಗಿಯುವುದರೊಳಗೆ ತೆಗೆದು, ಕಟ್ಟಿಗೆಯನ್ನು ಬದುವಿನಲ್ಲಿ ಒಟ್ಟಿ ಇಡಬೇಡಿ, ಹುಳ ಅದರಲ್ಲೇ ಮುಂದಿನ ಮಳೆವರೆಗೆ ಮಲಗಿರುತ್ತದೆ.

‘ಇದೂ ಥಿಯರೀನ ಏನ್ರಿ?’ ಅಂದರು ನಗುತ್ತ.

ಹೌದು, ಇದೂ ಥಿಯರಿಯೇ ಅಂದೆ.