‘ಬಡ್ಡಿ ಇಲ್ಲ’ ಎಂದ ಮೇಲೆ ಬಡ್ಡಿಗೆ ತೆರಿಗೆ ಎಲ್ಲಿಂದ ಬಂತು?

ಮೊಬೈಲ್, ಫ್ರಿಜ್ ಅಂಗಡಿಗಳಲ್ಲಿ ‘ನೋ ಕಾಸ್ಟ್ ಇಎಂಐ’ ಎಂಬ ಬೋರ್ಡ್ ಇದ್ದೇ ಇರುತ್ತದೆ. ಕ್ರೆಡಿಟ್ ಕಾರ್ಡ್ ಕೊಡಿ, ಬೆಲೆಯನ್ನು ಕಂತಿನಲ್ಲಿ ಕಟ್ಟಿ, ಬಡ್ಡಿ ಇಲ್ಲ ಎನ್ನುತ್ತಾರೆ. ಸೂದ್ ಎಂದರೆ ದೂರ ಸರಿಯುವ ನಮ್ಮಂಥ ಮನೆಗಳಿಗೆ ಈ ಮಾತು ಬಹಳ ಹಿತವಾಗಿ ಕೇಳಿಸುತ್ತದೆ. ಆದರೆ ಆ ಮಾತು ನಿಜವಲ್ಲ. ಸಾಕ್ಷಿ ಕಾರ್ಡಿನ ಬಿಲ್ಲಿನಲ್ಲೇ ಸಿಗುತ್ತದೆ.

ಒಂದು ಫ್ರಿಜ್‌ಗೆ 24,000 ರೂಪಾಯಿ, ತಿಂಗಳಿಗೆ 2,000ದಂತೆ 12 ಕಂತು ಎಂದಿಟ್ಟುಕೊಳ್ಳೋಣ. ಬ್ಯಾಂಕಿನ ಬಡ್ಡಿ ವರ್ಷಕ್ಕೆ ಶೇ. 15, ಪ್ರೊಸೆಸಿಂಗ್ ಫೀ 199 ರೂಪಾಯಿ. ಇಲ್ಲಿ ಬ್ಯಾಂಕು ಬಡ್ಡಿಯನ್ನು ಬಿಟ್ಟುಕೊಟ್ಟಿಲ್ಲ. ಒಟ್ಟು ಬಡ್ಡಿ ಸುಮಾರು 1,841 ರೂಪಾಯಿ ಆಗುತ್ತದೆ. ಅಷ್ಟನ್ನೇ ಅಂಗಡಿಯವರೋ ಫ್ರಿಜ್ ಕಂಪನಿಯವರೋ ರಿಯಾಯಿತಿ ಎಂದು ಮೊದಲೇ ಕಳೆಯುತ್ತಾರೆ. ಉಳಿದ 22,159 ರೂಪಾಯಿ ನಮ್ಮ ಹೆಸರಿನ ಸಾಲ. ಅದಕ್ಕೆ ಬಡ್ಡಿ ಕೂಡಿಸಿದರೆ ಮತ್ತೆ 24,000. ಹೀಗಾಗಿ ಬಡ್ಡಿ ಕಣ್ಣಿಗೆ ಬೀಳುವುದಿಲ್ಲ. (ನಗದು ಕೊಟ್ಟು ಕೊಳ್ಳುವವರೂ ಈ ರಿಯಾಯಿತಿಯನ್ನು ಕೇಳಿ ನೋಡಬಹುದು!)

ಗುಟ್ಟು ರಟ್ಟಾಗುವುದು ತೆರಿಗೆಯಿಂದ. ಸಾಮಾನ್ಯವಾಗಿ ಸಾಲದ ಬಡ್ಡಿಗೆ ಜಿಎಸ್‌ಟಿ ಇಲ್ಲ. ಆದರೆ ಕ್ರೆಡಿಟ್ ಕಾರ್ಡಿನ ಬಡ್ಡಿಗೆ ಆ ವಿನಾಯಿತಿ ಸಿಗುವುದಿಲ್ಲ, ಶೇ. 18 ಕಟ್ಟಬೇಕು. ಮೊದಲ ತಿಂಗಳ ಬಡ್ಡಿ 277 ರೂಪಾಯಿ, ಅದರ ಮೇಲಿನ ತೆರಿಗೆ 50. ಪ್ರೊಸೆಸಿಂಗ್ ಫೀಗೂ ತೆರಿಗೆ ಸೇರಿ 235. ಆದ್ದರಿಂದ 2,000 ಎಂದುಕೊಂಡವರಿಗೆ ಮೊದಲ ಬಿಲ್ 2,285 ಬರುತ್ತದೆ, ಎರಡನೆಯದು 2,046. ಅಸಲು ಕರಗಿದಂತೆ ಬಡ್ಡಿಯೂ ಅದರ ತೆರಿಗೆಯೂ ಇಳಿಯುತ್ತವೆ. ವರ್ಷ ಮುಗಿಯುವಾಗ ತೆರಿಗೆ ಮತ್ತು ಫೀ ಎಂದು ಸುಮಾರು 566 ರೂಪಾಯಿ ಹೆಚ್ಚು ಹೋಗಿರುತ್ತದೆ. ರಿಯಾಯಿತಿ ಇಲ್ಲದ ಮಾಮೂಲಿ ಇಎಂಐ ಆದರೆ ಬಡ್ಡಿಯೂ ನಮ್ಮದೇ. ಹೆಚ್ಚುವರಿ ಹೊರೆ 2,500 ದಾಟುತ್ತದೆ.

566 ದೊಡ್ಡ ಮೊತ್ತವಲ್ಲ ಎನ್ನಬಹುದು. ನನ್ನ ತಕರಾರು ಮೊತ್ತದ ಬಗ್ಗೆ ಅಲ್ಲ. ಇಂಥ ಕಂತು ಜಾಯಿಜ್ ಹೌದೋ ಅಲ್ಲವೋ ಹೇಳಬೇಕಾದವರು ಉಲಮಾಗಳು, ನಾನಲ್ಲ. ಆದರೆ ಅವರನ್ನು ಕೇಳಬೇಕೆಂದೇ ಅಬ್ಬಾ ಅಮ್ಮೀಗೆ ತೋಚುವುದಿಲ್ಲ. ಅಂಗಡಿಯವರು ‘ಬಡ್ಡಿ ಇಲ್ಲ’ ಎಂದು ಹೇಳಿ ಮುಗಿಸಿರುತ್ತಾರಲ್ಲ!

ರಿಸರ್ವ್ ಬ್ಯಾಂಕಿನ ನಿರ್ದೇಶನ ಸ್ಪಷ್ಟವಾಗಿದೆ. ಕಂತಿಗೆ ಬದಲಾಯಿಸುವ ಮೊದಲೇ ಅಸಲು, ಬಡ್ಡಿ, ರಿಯಾಯಿತಿ ಮೂರನ್ನೂ ಕಾರ್ಡ್ ಕೊಟ್ಟವರು ಬೇರೆಬೇರೆಯಾಗಿ ತೋರಿಸಬೇಕು. ಬಡ್ಡಿ ಇರುವ ಕಂತನ್ನು ‘ನೋ ಕಾಸ್ಟ್’ ಎಂದು ಮರೆಮಾಚಬಾರದು. ಈ ನಿಯಮ ಬ್ಯಾಂಕಿನ ಬಿಲ್ಲಿನಲ್ಲಿ ಇದ್ದರೆ ಸಾಲದು, ಅಂಗಡಿಯ ಕೌಂಟರಿನಲ್ಲೂ ಪಾಲನೆಯಾಗಬೇಕು. ಬೆಲೆಚೀಟಿಯಲ್ಲಿ 24,000ದ ಪಕ್ಕದಲ್ಲೇ ‘ಕಂತಿನಲ್ಲಾದರೆ 24,566’ ಎಂದು ಬರೆಯಲಿ. ಅಲ್ಲಿಯವರೆಗೆ ಕಾರ್ಡ್ ಉಜ್ಜುವ ಮುನ್ನ ಎರಡು ಪ್ರಶ್ನೆ ಕೇಳೋಣ: ಬ್ಯಾಂಕಿನ ಬಡ್ಡಿ ದರ ಎಷ್ಟು? ಫೀ, ತೆರಿಗೆ ಸೇರಿ ಕೊನೆಗೆ ನನ್ನ ಜೇಬಿನಿಂದ ಹೋಗುವುದು ಎಷ್ಟು?