ಲಾಭವಿದೆ, ಕಂತಿಗೆ ಹಣವಿದೆಯೆ?

ಸೊಲ್ಲಾಪುರದ ಟವೆಲ್ ಉದ್ಯಮದಲ್ಲಿ ನೂಲು ಕೊಂಡ ದಿನಕ್ಕೂ ಮಾರಿದ ಮಾಲಿನ ಹಣ ಕೈಸೇರುವ ದಿನಕ್ಕೂ ನಡುವೆ ತಿಂಗಳುಗಳೇ ಕಳೆಯುತ್ತವೆ. ಬ್ಯಾಂಕಿನ ಸಾಲದ ಅಧಿಕಾರಿಯು ಸಣ್ಣ ಉದ್ಯಮದ ಲೆಕ್ಕಪತ್ರ ತೆರೆದಾಗ ಮುಖ್ಯವಾಗಿ ಹುಡುಕುವುದು ಈ ಅಂತರವನ್ನೇ. ಇದನ್ನು ತಿಳಿಯಲು ಹತ್ತಾರು ಮಗ್ಗಗಳ ಒಂದು ಘಟಕವನ್ನು ಕಲ್ಪಿಸಿಕೊಳ್ಳೋಣ. ಅದರ ಮಾಲೀಕರು ಹೊಸ ಮಗ್ಗಕ್ಕಾಗಿ ಸಾಲ ಕೇಳಿದ್ದಾರೆ.

ಮಾರ್ಚ್ 31ರ ಅಢಾವೆ ಪತ್ರಿಕೆಯಂತೆ ಘಟಕದಲ್ಲಿ 6 ಲಕ್ಷ ರೂಪಾಯಿಯ ನೂಲು, 8 ಲಕ್ಷದ ಸಿದ್ಧ ಟವೆಲು, ವ್ಯಾಪಾರಿಗಳಿಂದ ಬರಬೇಕಾದ 24 ಲಕ್ಷದ ಉದ್ರಿ ಬಾಕಿ ಮತ್ತು 2 ಲಕ್ಷದ ನಗದು ಇವೆ. ವರ್ಷದೊಳಗೆ ಹಣವಾಗುವ ಇವೆಲ್ಲ ಚಾಲ್ತಿ ಆಸ್ತಿಗಳು. ಒಟ್ಟು 40 ಲಕ್ಷ. ವರ್ಷದೊಳಗೆ ತೀರಿಸಬೇಕಾದ ಚಾಲ್ತಿ ಹೊಣೆಗಳೆಂದರೆ ಬ್ಯಾಂಕಿನ ಕ್ಯಾಶ್ ಕ್ರೆಡಿಟ್ 18 ಲಕ್ಷ, ನೂಲಿನ ವ್ಯಾಪಾರಿಗೆ 8 ಲಕ್ಷ, ಹಳೆಯ ಮಗ್ಗಸಾಲದ ವರ್ಷದ ಕಂತು 4 ಲಕ್ಷ. ಒಟ್ಟು 30 ಲಕ್ಷ. ನಲವತ್ತನ್ನು ಮೂವತ್ತರಿಂದ ಭಾಗಿಸಿದರೆ 1.33. ಇದೇ ಚಾಲ್ತಿ ಅನುಪಾತ.

ಬ್ಯಾಂಕುಗಳು ಬಹುಕಾಲದಿಂದ ಮಾನದಂಡವಾಗಿ ಬಳಸಿದ ಅಂಕಿಯೂ ಇದೇ. ಚಾಲ್ತಿ ಆಸ್ತಿಯ ನಾಲ್ಕನೆಯ ಒಂದು ಪಾಲನ್ನು ಉದ್ಯಮಿಯು ತನ್ನ ದೀರ್ಘಕಾಲದ ಹಣದಿಂದ ಭರಿಸಬೇಕು ಎಂಬುದು ಅದರ ಹಿಂದಿನ ತತ್ತ್ವ. ನೂರರ ಆಸ್ತಿಗೆ ಎಪ್ಪತ್ತೈದರ ಹೊಣೆ ಎಂದಾದಾಗ ಅನುಪಾತ 1.33 ಆಗುತ್ತದೆ.

ಆದರೆ ಅನುಭವಿ ಅಧಿಕಾರಿಯು ಇಲ್ಲಿಗೆ ನಿಲ್ಲುವುದಿಲ್ಲ. ಘಟಕದ ವಾರ್ಷಿಕ ಮಾರಾಟ 96 ಲಕ್ಷ, ಅಂದರೆ ತಿಂಗಳಿಗೆ 8 ಲಕ್ಷ. ಹಾಗಾದರೆ 24 ಲಕ್ಷದ ಬಾಕಿಯು ಮೂರು ತಿಂಗಳ ಮಾರಾಟಕ್ಕೆ ಸಮ. ಮಾಲೀಕರು ತಾವು ಎರಡು ತಿಂಗಳ ಉದ್ರಿ ಮಾತ್ರ ಕೊಡುವುದಾಗಿ ಹೇಳಿದ್ದರೆ ಬಾಕಿಯು 16 ಲಕ್ಷದ ಆಸುಪಾಸಿನಲ್ಲಿರಬೇಕಿತ್ತು. ಹೆಚ್ಚಿನದು ಎಲ್ಲಿಯೋ ಸಿಲುಕಿದೆ. ಆಗ ಅಧಿಕಾರಿಯು ಬಿಲ್ಲಿನ ದಿನಾಂಕವಾರು ಬಾಕಿಪಟ್ಟಿಯನ್ನು ಕೇಳುತ್ತಾರೆ. ಅದರಲ್ಲಿ 10 ಲಕ್ಷವು ಆರು ತಿಂಗಳಿಗಿಂತ ಹಳೆಯದೆಂದು ಕಾಣುತ್ತದೆ. ಅದನ್ನು ಬಿಟ್ಟರೆ ಆಸ್ತಿ 30 ಲಕ್ಷ, ಹೊಣೆಯೂ 30 ಲಕ್ಷ. ಅನುಪಾತ 1ಕ್ಕೆ ಇಳಿಯಿತು. ತೊಂಬತ್ತು ದಿನ ಮೀರಿದ ಬಾಕಿಯನ್ನು ಕ್ಯಾಶ್ ಕ್ರೆಡಿಟ್ ಮಿತಿಯ ಲೆಕ್ಕಕ್ಕೆ ಅನೇಕ ಬ್ಯಾಂಕುಗಳು ಹಿಡಿಯದಿರುವುದು ಇದೇ ಕಾರಣಕ್ಕೆ.

ಎರಡನೆಯ ಪರೀಕ್ಷೆ ಸಾಲ ತೀರಿಸುವ ಶಕ್ತಿಯದು. ಬ್ಯಾಂಕಿನವರು ಇದನ್ನು ಡಿ.ಎಸ್.ಸಿ.ಆರ್. ಎನ್ನುತ್ತಾರೆ. ತೆರಿಗೆ ಕಳೆದ ಲಾಭ 3 ಲಕ್ಷ. ಅದಕ್ಕೆ ಸವಕಳಿ 2.5 ಲಕ್ಷವನ್ನು ಕೂಡಿಸುತ್ತಾರೆ, ಏಕೆಂದರೆ ಸವಕಳಿಯು ಪುಸ್ತಕದಲ್ಲಿ ಬರೆದ ವೆಚ್ಚವೇ ಹೊರತು ಈ ವರ್ಷ ಪೆಟ್ಟಿಗೆಯಿಂದ ಹೊರಹೋದ ಹಣವಲ್ಲ. ಮಗ್ಗಸಾಲದ ಬಡ್ಡಿ 1.5 ಲಕ್ಷವನ್ನೂ ಕೂಡಿಸುತ್ತಾರೆ, ಏಕೆಂದರೆ ಲಾಭ ತೆಗೆಯುವಾಗ ಅದನ್ನು ಆಗಲೇ ಕಳೆಯಲಾಗಿದೆ. ಹೀಗೆ ಒಟ್ಟು 7 ಲಕ್ಷ. ಕಟ್ಟಬೇಕಾದದ್ದು ಕಂತು 4 ಲಕ್ಷ ಹಾಗೂ ಬಡ್ಡಿ 1.5 ಲಕ್ಷ ಸೇರಿ 5.5 ಲಕ್ಷ. ಅನುಪಾತ 1.27. ಬ್ಯಾಂಕಿನಿಂದ ಬ್ಯಾಂಕಿಗೆ ನಿಯಮ ಬೇರೆಯಾದರೂ, ಸಾಲದ ಅವಧಿಯುದ್ದಕ್ಕೂ ಸರಾಸರಿ 1.5ರ ಸಮೀಪವಿರುವುದನ್ನು ಸಾಮಾನ್ಯವಾಗಿ ಬಯಸುತ್ತಾರೆ. 1ಕ್ಕಿಂತ ಕೆಳಗಿಳಿದರೆ ಗಳಿಕೆಯಿಂದ ಕಂತು ಕಟ್ಟಲು ಆಗದು.

ಇಲ್ಲಿ ಎರಡೂ ಪರೀಕ್ಷೆಗಳು ಒಂದೇ ಗಂಟಿಗೆ ಬಂದು ಸೇರುತ್ತವೆ. ಮಾಲು ಮಾರಿದ ದಿನವೇ ಲಾಭವನ್ನು ಪುಸ್ತಕದಲ್ಲಿ ಬರೆಯಲಾಗುತ್ತದೆ, ಹಣ ಬಂದಿರಬೇಕೆಂದಿಲ್ಲ. ಈ ವರ್ಷ ಮಾರಿ ಹಳೆಯದಾದ ಆ 10 ಲಕ್ಷದಲ್ಲಿ 2 ಲಕ್ಷ ಮುಳುಗಿತೆಂದು ತಿಳಿಯಿರಿ. ತೆರಿಗೆಯ ವ್ಯತ್ಯಾಸವನ್ನು ಬದಿಗಿಟ್ಟರೆ, 7 ಲಕ್ಷವು 5 ಲಕ್ಷವಾಗುತ್ತದೆ, ಅನುಪಾತ 0.91. ಹೊಸ ಸಾಲದ ಕಂತು ಸೇರುವುದಕ್ಕೆ ಮೊದಲೇ ಹಳೆಯ ಕಂತಿಗೇ ಹಣ ಸಾಲದು. ಲಾಭ ತೋರಿಸುವ ಘಟಕವೂ ಕಂತು ತಪ್ಪಿಸುವುದು ಹೀಗೆ.

ಅಢಾವೆ ಪತ್ರಿಕೆಯು ಒಂದು ದಿನದ ಚಿತ್ರ ಮಾತ್ರ. ಮಾರ್ಚ್ ಕೊನೆಯಲ್ಲಿ ಮಾರಾಟದ ಬಿಲ್ಲುಗಳನ್ನು ಹೆಚ್ಚಿಸಿ ಅದನ್ನು ಅಂದಗೊಳಿಸಬಹುದು. ಆದುದರಿಂದ ಅಧಿಕಾರಿಯು ಜಿ.ಎಸ್.ಟಿ. ವಿವರಣೆಯಲ್ಲಿನ ಮಾರಾಟವನ್ನೂ ಬ್ಯಾಂಕ್ ಖಾತೆಗೆ ನಿಜವಾಗಿ ಬಂದ ಜಮೆಯನ್ನೂ ತಿಂಗಳುವಾರು ಹೋಲಿಸುತ್ತಾರೆ. ಮಾರಾಟ ಏರುತ್ತ ಜಮೆ ನಿಂತಲ್ಲೇ ನಿಂತಿದ್ದರೆ ಬಾಕಿ ಬೆಳೆಯುತ್ತಿದೆ ಎಂದೇ ಅರ್ಥ.

ಇಂತಹ ಅರ್ಜಿ ಸದಾ ತಿರಸ್ಕೃತವಾಗುವುದಿಲ್ಲ. ಹಳೆಯ ಸಾಲದ ಅವಧಿಯನ್ನು ವಿಸ್ತರಿಸಿ ಕಂತನ್ನು 3 ಲಕ್ಷಕ್ಕೆ ಇಳಿಸಿದರೆ ಅನುಪಾತವು 1.11 ಆಗುತ್ತದೆ. ಆದರೆ ಬಡ್ಡಿಯನ್ನು ಹೆಚ್ಚು ವರ್ಷ ತೆರಬೇಕು. ಹಳೆಯ ಬಾಕಿಯಲ್ಲಿ 6 ಲಕ್ಷ ವಸೂಲಾಗಿ ಅದು ಕ್ಯಾಶ್ ಕ್ರೆಡಿಟ್‌ಗೆ ಸಂದರೆ ಹೊಣೆ 24 ಲಕ್ಷಕ್ಕೆ ಇಳಿದು, ಉಳಿದ ಹಳೆಯ ಬಾಕಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ಚಾಲ್ತಿ ಅನುಪಾತ 1.25ಕ್ಕೆ ಏರುತ್ತದೆ, ಬಡ್ಡಿಯೂ ಕಡಿಮೆಯಾಗುತ್ತದೆ. ಮನೆಯಲ್ಲಿ ಇಂತಹ ಉದ್ಯೋಗವಿದ್ದವರು ಹೊಸ ಸಾಲ ಕೇಳುವ ಮುನ್ನ ಉದ್ರಿ ಪುಸ್ತಕವನ್ನು ದಿನಾಂಕವಾರು ವಿಂಗಡಿಸಿ ನೋಡಬೇಕು. ಬ್ಯಾಂಕಿನಲ್ಲಿ ಕೇಳುವ ಮೊದಲ ಕಠಿಣ ಪ್ರಶ್ನೆಗೆ ಉತ್ತರ ಅಲ್ಲಿಯೇ ಇರುತ್ತದೆ.